ರಾಜೀನಾಮೆಯ ನಂತರದ ಹರಾಜು

2010ರ ಡಿಸೆಂಬರ್‌ನಲ್ಲಿ ಅಮೆರಿಕದ ನ್ಯಾಯ ಇಲಾಖೆ ಲ್ಯೂಕಾಸ್‌ಫಿಲ್ಮ್ ಕಂಪನಿಯ ಮೇಲೆ ದಾವೆ ಹೂಡಿತು. 'ಸ್ಟಾರ್ ವಾರ್ಸ್' ಚಿತ್ರಗಳನ್ನು ತೆಗೆದ ಈ ಕಂಪನಿ, 'ಟಾಯ್ ಸ್ಟೋರಿ' ಮಾಡಿದ ಪಿಕ್ಸಾರ್ ಜೊತೆ ಗುಟ್ಟಾಗಿ ಮೂರು ಮಾತಿಗೆ ಒಪ್ಪಿಕೊಂಡಿದೆ ಎಂಬುದು ಆರೋಪ. ಒಬ್ಬರ ನೌಕರರಿಗೆ ಇನ್ನೊಬ್ಬರು ತಾವಾಗಿ ಫೋನ್ ಮಾಡಿ ಕೆಲಸಕ್ಕೆ ಕರೆಯಬಾರದು ಎಂಬುದು ಮೊದಲನೆಯದು. ಅಕಸ್ಮಾತ್ ಕೆಲಸ ಕೊಡುವುದೇ ಆದರೆ ಆ ನೌಕರ ಈಗಿರುವ ಕಂಪನಿಗೆ ತಿಳಿಸಬೇಕು ಎಂಬುದು ಎರಡನೆಯದು. ಮೂರನೆಯದು ಈ ಲೇಖನದ ವಿಷಯಕ್ಕೆ ನೇರವಾಗಿ ಸೇರಿದ್ದು: ಒಮ್ಮೆ ಹೇಳಿದ ಸಂಬಳವನ್ನು ಹೊಸ ಕಂಪನಿ ಮತ್ತೆ ಏರಿಸಬಾರದು. ಹಳೆಯ ಕಂಪನಿ ಅದಕ್ಕಿಂತ ಹೆಚ್ಚು ಕೊಟ್ಟು ನೌಕರನನ್ನು ಉಳಿಸಿಕೊಳ್ಳಲು ನೋಡಿದರೂ ಸರಿ, ಹೊಸಬರು ತಮ್ಮ ಮೊದಲ ಅಂಕಿಯಲ್ಲೇ ನಿಲ್ಲಬೇಕು.

ಇಷ್ಟು ದೊಡ್ಡ ಸಂಸ್ಥೆಗಳು ಇಂಥ ಒಪ್ಪಂದಕ್ಕೆ ಇಳಿದವೆಂದರೆ, ಆ ಎರಡನೇ ಅಂಕಿಗೆ ಅವು ಎಷ್ಟು ಹೆದರುತ್ತಿದ್ದವು ಎಂಬುದು ತಿಳಿಯುತ್ತದೆ. ಒಬ್ಬ ಒಳ್ಳೆಯ ಅನಿಮೇಟರ್‌ಗಾಗಿ ಇಬ್ಬರೂ ಕೂಗುತ್ತ ಹೋದರೆ ಅವನ ಸಂಬಳವೊಂದೇ ಏರುವುದಿಲ್ಲ, ಪಕ್ಕದ ಮೇಜಿನವರ ಲೆಕ್ಕವೂ ಏರುತ್ತದೆ. ಆದರೆ ನೌಕರರ ಬೆಲೆ ಏರದಂತೆ ಮಾಲೀಕರಿಬ್ಬರು ಮಾತಾಡಿಕೊಳ್ಳುವುದು ಕಾನೂನುಬಾಹಿರ ಎಂದು ಇಲಾಖೆ ವಾದಿಸಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಆಪಲ್, ಗೂಗಲ್, ಇಂಟೆಲ್, ಅಡೋಬಿ, ಇಂಟ್ಯೂಟ್ ಮತ್ತು ಪಿಕ್ಸಾರ್ ಮೇಲೂ ಇಂಥದ್ದೇ ದಾವೆ ಹೂಡಿ, ಇನ್ನು ಮುಂದೆ ಹೀಗೆ ಮಾಡುವುದಿಲ್ಲ ಎಂಬ ಒಪ್ಪಿಗೆ ಪಡೆಯಲಾಗಿತ್ತು. ಆಮೇಲೆ ನೌಕರರೇ ಒಟ್ಟಾಗಿ ಕೋರ್ಟಿಗೆ ಹೋದರು. ಆಪಲ್, ಗೂಗಲ್, ಇಂಟೆಲ್, ಅಡೋಬಿ ಸೇರಿ 41.5 ಕೋಟಿ ಡಾಲರ್ ಕೊಡುವ ರಾಜಿಗೆ 2015ರಲ್ಲಿ ಕೋರ್ಟ್ ಒಪ್ಪಿಗೆ ನೀಡಿತು.

ಎರಡು ಕಂಪನಿಗಳು ಸೇರಿ ಮಾಡಿದಾಗ ತಪ್ಪಾಗುವ ಇದೇ ಕೆಲಸವನ್ನು ಒಂದು ಕಂಪನಿ ತನ್ನಷ್ಟಕ್ಕೆ ತಾನು ತೀರ್ಮಾನಿಸಿ ಮಾಡಿದರೆ ಅದರಲ್ಲಿ ತಪ್ಪೇನೂ ಇಲ್ಲ. ನೆಚ್ಚಿನ ನೌಕರರೊಬ್ಬರು ರಾಜೀನಾಮೆ ಕೊಟ್ಟಾಗ ತನ್ನ ಕಡೆಯಿಂದ ಒಂದೇ ಒಂದು ಸಾರಿ, ಯೋಚಿಸಿ, ಸರಿಯಾದ ಅಂಕಿ ಹೇಳುವುದು. ಹೊಸ ಕಂಪನಿ ಅದರ ಮೇಲೆ ಏರಿಸಿದರೆ ಮತ್ತೆ ಏರಿಸದಿರುವುದು. ಕೇಳಲು ಸುಲಭ. ನೋಟಿಸ್ ಪೀರಿಯಡ್ ಮೂರು ತಿಂಗಳಿರುವ ಬೆಂಗಳೂರಿನಲ್ಲಿ ಇದನ್ನು ಪಾಲಿಸುವುದು ಕಷ್ಟ.

ಕಷ್ಟಕ್ಕೆ ಮುಖ್ಯ ಕಾರಣ ಆ ಮೂರು ತಿಂಗಳೇ. ಅಮೆರಿಕದಲ್ಲಿ ಸಾಮಾನ್ಯವಾಗಿ ಎರಡು ವಾರದ ಸೂಚನೆ ಕೊಟ್ಟು ಹೊರಡುತ್ತಾರೆ. ಅಷ್ಟರಲ್ಲಿ ಹರಾಜು ಕೂಗಲು ಸಮಯವೇ ಇರುವುದಿಲ್ಲ. ನಮ್ಮ ಐಟಿ ಕಂಪನಿಗಳಲ್ಲಿ 90 ದಿನ ಮಾಮೂಲು. 'ಪೇಪರ್ ಹಾಕಿದ' ದಿನದಿಂದ ಕೊನೆಯ ದಿನದವರೆಗೆ ಆ ವ್ಯಕ್ತಿ ಎರಡು ಕಂಪನಿಗಳ ನಡುವೆ ಇರುತ್ತಾರೆ. ನೌಕ್ರಿ ತಾಣದಲ್ಲಿ ಪ್ರೊಫೈಲ್ ಎದುರು 'ನೋಟಿಸ್ ಪೀರಿಯಡ್‌ನಲ್ಲಿದ್ದಾರೆ' ಎಂದು ಕಂಡ ಕೂಡಲೇ ಮೂರನೆಯವರ, ನಾಲ್ಕನೆಯವರ ಫೋನ್ ಬರುತ್ತದೆ. ಬೇಗ ಸೇರಬಲ್ಲವರು ಎಲ್ಲರಿಗೂ ಬೇಕು. 2022ರ ಜೂನ್‌ಗೆ ಕೊನೆಗೊಂಡ ಹನ್ನೆರಡು ತಿಂಗಳಲ್ಲಿ ಇನ್ಫೋಸಿಸ್‌ನಲ್ಲಿ ಬಿಟ್ಟುಹೋದವರ ಪ್ರಮಾಣ 28.4% ಮುಟ್ಟಿತ್ತು. 2024ರ ಮಾರ್ಚ್ ಹೊತ್ತಿಗೆ ಅದು 12.6%ಕ್ಕೆ ಇಳಿಯಿತು. ಭರಾಟೆ ತಗ್ಗಿದ ಮೇಲೂ ಒಳ್ಳೆಯ ಕೆಲಸಗಾರರ ವಿಷಯದಲ್ಲಿ ಎಳೆದಾಟ ನಿಂತಿಲ್ಲ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಬೆಳ್ಳಂದೂರಿನ ಕಡೆ ಇರುವ, ಇನ್ನೂರು ಮುನ್ನೂರು ಜನರ ಒಂದು ಪೇಮೆಂಟ್ಸ್ ಕಂಪನಿ ಎಂದುಕೊಳ್ಳಿ. ಅಂಗಡಿಗಳಲ್ಲಿ ದಿನವಿಡೀ ನಡೆದ ವ್ಯವಹಾರದ ಲೆಕ್ಕವನ್ನು ರಾತ್ರಿ ಬ್ಯಾಂಕುಗಳ ಫೈಲಿನ ಜೊತೆ ತಾಳೆ ಹಾಕಿ, ಬೆಳಿಗ್ಗೆ ಅಂಗಡಿಯವರ ಖಾತೆಗೆ ಹಣ ಹಾಕಿಸುವ ವ್ಯವಸ್ಥೆಯನ್ನು ಅಲ್ಲಿ ಒಬ್ಬ ಇಂಜಿನಿಯರ್ ನೋಡಿಕೊಳ್ಳುತ್ತಾರೆ. ಕಂಪನಿ ಸೇರಿ ನಾಲ್ಕು ವರ್ಷ ಎರಡು ತಿಂಗಳಾಗಿದೆ. ನಿಗದಿತ ಸಂಬಳ ವರ್ಷಕ್ಕೆ 22 ಲಕ್ಷ, ಬೋನಸ್ 2 ಲಕ್ಷ. ಸಿಟಿಸಿ 24 ಲಕ್ಷ. ಒಂದು ಸೋಮವಾರ ಬೆಳಿಗ್ಗೆ ಅವರ ರಾಜೀನಾಮೆ ಮೇಲ್ ಬರುತ್ತದೆ. ಹೊಸ ಕಂಪನಿಯ ಆಫರ್ 32 ಲಕ್ಷ.

ಇಲ್ಲಿ ಬಹಳಷ್ಟು ಮ್ಯಾನೇಜರ್‌ಗಳು ಎಡವುವುದು ಮೊದಲ ಅರ್ಧ ಗಂಟೆಯಲ್ಲಿ. ಒಂದೋ ಸಿಟ್ಟಾಗುತ್ತಾರೆ, ಇಲ್ಲವೇ ಗಾಬರಿಯಲ್ಲಿ 'ಎಷ್ಟು ಕೊಡ್ತಾರೆ? ನಾವೂ ಅಷ್ಟೇ ಕೊಡ್ತೀವಿ, ಮೇಲ್ ವಾಪಸ್ ತಗೊಳ್ಳಿ' ಎಂದುಬಿಡುತ್ತಾರೆ. ಆ ಮಾತು ಹೊರಬಿದ್ದ ಕ್ಷಣ ಹರಾಜು ಶುರುವಾಯಿತು. ಅದೂ ಎದುರಾಳಿ ಹೇಳಿದ ಬೆಲೆಯಿಂದ. ಮೊದಲ ಮಾತುಕತೆಯಲ್ಲಿ ಹಣದ ಸುದ್ದಿಯೇ ಬರಬಾರದು. ಮೇಲ್ ಬಂದಿದೆ ಎಂದು ಅಂದೇ ಉತ್ತರಿಸಬೇಕು, ಮಧ್ಯಾಹ್ನ ಎದುರು ಕೂತು ಕೇಳಬೇಕು. ಕೇಳಬೇಕಾದ ಪ್ರಶ್ನೆ 'ಯಾಕೆ ಬಿಡ್ತಿದ್ದೀರಿ' ಎಂಬುದಲ್ಲ. ಅದಕ್ಕೆ ಎಲ್ಲರ ಹತ್ತಿರವೂ ಸಿದ್ಧ ಉತ್ತರ ಇರುತ್ತದೆ: ಒಳ್ಳೆಯ ಅವಕಾಶ, ಕಲಿಯಲು ಹೊಸದು. 'ಬೇರೆ ಕಡೆ ನೋಡೋಣ ಅಂತ ಮೊದಲು ಅನ್ನಿಸಿದ್ದು ಯಾವಾಗ?' ಎಂದು ಕೇಳಿದರೆ ನಿಜವಾದ ಕಾರಣ ಹೊರಬರುತ್ತದೆ, ಏಕೆಂದರೆ ಜನ ಕೆಲಸ ಹುಡುಕಲು ಶುರುಮಾಡುವುದಕ್ಕೆ ಯಾವುದೋ ಒಂದು ದಿನ, ಒಂದು ಘಟನೆ ಇರುತ್ತದೆ.

ನಮ್ಮ ಉದಾಹರಣೆಯ ಇಂಜಿನಿಯರ್‌ಗೆ ಆ ದಿನ ಚೆನ್ನಾಗಿ ನೆನಪಿದೆ. 'ದೀಪಾವಳಿ ರಾತ್ರಿ ಸರ್. ಊರಿಗೆ ಹೋಗಿದ್ದೆ. ಎರಡು ಗಂಟೆಗೆ ಕಾಲ್ ಬಂತು, ಬ್ಯಾಂಕಿನ ಫೈಲ್ ಅರ್ಧ ಬಂದು ನಿಂತಿದೆ ಅಂತ. ಬೆಳಗಾಗೋವರೆಗೂ ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ. ಒಂದು ವರ್ಷದಿಂದ ರಾತ್ರಿ ಕಾಲ್ ಎಲ್ಲ ನನಗೇ ಬರ್ತಿದೆ, ಬೇರೆ ಯಾರಿಗೂ ಆ ಸಿಸ್ಟಂ ಗೊತ್ತಿಲ್ಲ.'

ಈ ಮಾತಿನಲ್ಲಿ ಮೂರು ಸಂಗತಿ ಇವೆ. ಅವರು ಬೇಸತ್ತಿರುವುದು ರಾತ್ರಿ ಕೆಲಸದಿಂದ. ಅದನ್ನು ಸಂಬಳ ಏರಿಸಿ ಸರಿಮಾಡಲಾಗದು; ಹತ್ತು ಲಕ್ಷ ಹೆಚ್ಚು ಕೊಟ್ಟರೂ ರಾತ್ರಿ ಎರಡಕ್ಕೆ ಫೋನ್ ಹೊಡೆದುಕೊಳ್ಳುತ್ತದೆ. ಎರಡನೆಯದು, ಅವರ ಸಂಬಳ ಮಾರುಕಟ್ಟೆಗಿಂತ ಕೆಳಗಿತ್ತು ಎಂಬುದೂ ನಿಜ, ಇಲ್ಲದಿದ್ದರೆ 32 ಲಕ್ಷದ ಆಫರ್ ಅಷ್ಟು ಸಲೀಸಾಗಿ ಸಿಗುತ್ತಿರಲಿಲ್ಲ. ಮೂರನೆಯದು ಕಂಪನಿಗೆ ಸೇರಿದ ತಪ್ಪು. ಹಣ ಹಾಕಿಸುವಂಥ ವ್ಯವಸ್ಥೆಯ ಗುಟ್ಟು ಒಬ್ಬರ ತಲೆಯಲ್ಲೇ ಇರಲು ಬಿಟ್ಟದ್ದು. ಅವರು ಉಳಿದರೂ, ಹೋದರೂ, ಆ ತಪ್ಪನ್ನು ಈ ತಿಂಗಳೇ ತಿದ್ದಬೇಕು.

ಇನ್ನು ಲೆಕ್ಕ. ಮ್ಯಾನೇಜರ್ ಮತ್ತು ಎಚ್‌ಆರ್ ಇಬ್ಬರೂ ಕೂತು, ಇಂಜಿನಿಯರ್ ಎದುರು ಹೋಗುವ ಮೊದಲೇ, ತಮ್ಮ ಕೊನೆಯ ಅಂಕಿಯನ್ನು ಕಾಗದದ ಮೇಲೆ ಬರೆದಿಡಬೇಕು. ಆ ಅಂಕಿ ಹುಟ್ಟುವುದು ಹೊಸ ಕಂಪನಿಯ ಆಫರಿನಿಂದ ಅಲ್ಲ, ಒಂದು ಪ್ರಶ್ನೆಯಿಂದ: ನಾಳೆ ಈ ಜಾಗಕ್ಕೆ ಹೊಸಬರನ್ನು ತೆಗೆದುಕೊಂಡರೆ ಎಷ್ಟು ಕೊಡಬೇಕಾಗುತ್ತದೆ? ಅದೇ ಅನುಭವದವರು ಹೊರಗೆ 27 ಲಕ್ಷ ನಿಗದಿತ ಸಂಬಳಕ್ಕೆ ಸಿಗುತ್ತಾರೆ ಎಂದಾದರೆ, ಇರುವವರಿಗೆ 22 ಕೊಡುತ್ತಿರುವುದು ನ್ಯಾಯವೂ ಅಲ್ಲ, ಜಾಣತನವೂ ಅಲ್ಲ. ಏಜೆನ್ಸಿ ಮೂಲಕ ಹೋದರೆ ಸಾಮಾನ್ಯವಾಗಿ ವಾರ್ಷಿಕ ಸಂಬಳದ 8.33%, ಅಂದರೆ ಒಂದು ತಿಂಗಳ ಸಂಬಳ, ಕಮಿಷನ್ ಕೊಡಬೇಕು. 30 ಲಕ್ಷದವರಿಗೆ ಅದು ಎರಡೂವರೆ ಲಕ್ಷ. ಬರುವವರಿಗೂ ಅವರ ಹಳೇ ಕಂಪನಿಯಲ್ಲಿ 90 ದಿನದ ನೋಟಿಸ್ ಇರುತ್ತದೆ, ಆ 90 ದಿನದಲ್ಲಿ ಅವರಿಗೂ ಉಳಿಸಿಕೊಳ್ಳುವ ಆಫರ್ ಬರುತ್ತದೆ, ಅವರು ಸೇರದೆಯೂ ಇರಬಹುದು. ಇಂದು ಉಳಿಸಿಕೊಳ್ಳಲು ಒದ್ದಾಡುವ ಕಂಪನಿಯೇ ಮೂರು ತಿಂಗಳ ನಂತರ ಇನ್ನೊಬ್ಬರ ನೌಕರರಿಗೆ ಎರಡನೇ ಅಂಕಿ ಹೇಳುವ ಜಾಗದಲ್ಲಿ ಕೂತಿರುತ್ತದೆ.

ಹಾಗಾಗಿ 27 ಎಂಬುದು ಸಮರ್ಥಿಸಿಕೊಳ್ಳಬಹುದಾದ ಅಂಕಿ. ಆದರೆ ಅದನ್ನು ಬರೆಯುವಾಗ ಇನ್ನೊಂದು ಲೆಕ್ಕವೂ ಪಕ್ಕದಲ್ಲಿರಬೇಕು. ಅದೇ ತಂಡದಲ್ಲಿ ಅದೇ ದರ್ಜೆಯ ಇನ್ನೂ ಮೂವರು ಇದ್ದಾರೆ, ಅವರ ಸಂಬಳವೂ 22ರ ಆಸುಪಾಸು. ಒಬ್ಬರಿಗೆ 5 ಲಕ್ಷ ಏರಿಸಿದ ಸುದ್ದಿ ಮುಚ್ಚಿಡಲು ಆಗುವುದಿಲ್ಲ. ಕ್ಯಾಂಟೀನಿನಲ್ಲಿ ಎರಡು ವಾರದೊಳಗೆ ಎಲ್ಲರಿಗೂ ಗೊತ್ತಾಗುತ್ತದೆ. ಜೊತೆಗೆ, ಇಲ್ಲಿ ಹೈಕ್ ಬೇಕಾದರೆ ಹೊರಗಿನಿಂದ ಒಂದು ಆಫರ್ ತರಬೇಕು ಎಂಬ ಪಾಠವೂ ಸಿಗುತ್ತದೆ. ಒಬ್ಬರ 5 ಲಕ್ಷ ನಿಜದಲ್ಲಿ ನಾಲ್ವರ 20 ಲಕ್ಷ. ಆ 20 ಲಕ್ಷವನ್ನು ಕೊಡಲು ತಯಾರಿದ್ದರೆ 27 ಎನ್ನಬೇಕು, ಇಲ್ಲದಿದ್ದರೆ ಅನ್ನಬಾರದು. ಉಳಿದ ಮೂವರೆದುರು ನಿಂತು ಹೇಳಲಾಗದ ಅಂಕಿಯನ್ನು ಒಬ್ಬರಿಗೆ ಕೊಡಬಾರದೆಂಬುದೇ ಇಲ್ಲಿ ಕೊನೆಯ ಅಳತೆ.

ಈ ದಾರಿಯಲ್ಲಿ ದೊಡ್ಡ ಪ್ರಮಾಣದಲ್ಲಿ ಹೋದ ಕಂಪನಿಯೆಂದರೆ ಗೂಗಲ್. 2010ರಲ್ಲಿ ಅದರ ಇಂಜಿನಿಯರ್‌ಗಳನ್ನು ಫೇಸ್‌ಬುಕ್ ಸೆಳೆಯುತ್ತಿತ್ತು. ಹೊರಡುತ್ತೇನೆಂದ ಕೆಲವರಿಗೆ ಗೂಗಲ್ ಭಾರಿ ಮೊತ್ತ ಕೊಟ್ಟು ಹಿಡಿದಿಡುತ್ತಿದೆ ಎಂಬ ಸುದ್ದಿಗಳು ಆಗ ಪತ್ರಿಕೆಗಳಲ್ಲಿ ಬರುತ್ತಿದ್ದವು. ಆ ವರ್ಷದ ನವೆಂಬರ್‌ನಲ್ಲಿ ಕಂಪನಿ ತನ್ನ ಎಲ್ಲ ನೌಕರರಿಗೂ 10% ಸಂಬಳ ಏರಿಕೆ ಪ್ರಕಟಿಸಿ, 2011ರ ಜನವರಿಯಿಂದ ಜಾರಿಗೆ ತಂದಿತು. ಆಗ ಅಲ್ಲಿದ್ದದ್ದು ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ. ಎಲ್ಲ ಕಂಪನಿಗಳಿಗೂ ಇಂಥ ಜೇಬು ಇರುವುದಿಲ್ಲ, ಆದರೆ ರಾಜೀನಾಮೆ ಕೊಡದೆ ಕೂತವರಿಗೂ ಏರಿಕೆ ಮುಟ್ಟಿತೆಂಬುದು ಗಮನಿಸಬೇಕಾದ ವಿಷಯ.

ಗುರುವಾರ ನಮ್ಮ ಮ್ಯಾನೇಜರ್ ಎರಡನೇ ಸಾರಿ ಕೂರುತ್ತಾರೆ. ನಿಗದಿತ ಸಂಬಳ 27 ಲಕ್ಷ, ಬೋನಸ್ 2 ಲಕ್ಷ, ಒಟ್ಟು 29. ಮುಂದಿನ ಎರಡು ತಿಂಗಳಲ್ಲಿ ಇನ್ನಿಬ್ಬರಿಗೆ ರಾತ್ರಿ ವ್ಯವಸ್ಥೆ ಕಲಿಸಿ, ಮೂವರೂ ವಾರಕ್ಕೊಬ್ಬರಂತೆ ಸರದಿ ನೋಡಿಕೊಳ್ಳುವುದು. ಇದಿಷ್ಟನ್ನೂ ಪತ್ರದಲ್ಲಿ ಬರೆದು ಕೊಡಬೇಕು, ಬಾಯಿಮಾತಿನಲ್ಲಿ ಅಲ್ಲ. ಪತ್ರದಲ್ಲಿ ಇನ್ನೊಂದು ಸಾಲು ಇರಲೇಬೇಕು, ಬಹಳ ಕಂಪನಿಗಳು ಇದನ್ನು ನುಂಗಿಬಿಡುತ್ತವೆ: ಈ ಏರಿಕೆಯಲ್ಲಿ ಬರುವ ಏಪ್ರಿಲ್‌ನ ಅಪ್ರೈಸಲ್ ಸೇರಿದೆಯೋ ಇಲ್ಲವೋ. ನವೆಂಬರ್‌ನಲ್ಲಿ ಏರಿಸಿ, ಏಪ್ರಿಲ್‌ನಲ್ಲಿ 'ಆಗಲೇ ಕೊಟ್ಟಾಯ್ತಲ್ಲ' ಎನ್ನುವ ಕಂಪನಿಯಲ್ಲಿ ಉಳಿದವರು ಮತ್ತೆ ಹೊರಗೆ ನೋಡಲು ಶುರುಮಾಡುವುದು ಅಂದೇ. ಕೊನೆಗೆ ಮ್ಯಾನೇಜರ್ ಸ್ಪಷ್ಟವಾಗಿ ಹೇಳಬೇಕು: 'ಇದು ಈ ಕೆಲಸಕ್ಕೆ ನಾವು ಕೊಡಬಹುದಾದ್ದು. ಅವರು ಇದರ ಮೇಲೆ ಏರಿಸಬಹುದು. ಏರಿಸಿದರೆ ನಾವು ಮತ್ತೆ ಏರಿಸೋದಿಲ್ಲ, ಅದನ್ನ ಈಗಲೇ ಹೇಳಿಬಿಡ್ತೀನಿ. ಸೋಮವಾರದೊಳಗೆ ಯೋಚನೆ ಮಾಡಿ ಹೇಳಿ.'

ಈ ಮಾತನ್ನು ಮುಂಚೆ ಹೇಳುವುದಕ್ಕೂ, ಎರಡನೇ ಅಂಕಿ ಬಂದ ಮೇಲೆ ಹೇಳುವುದಕ್ಕೂ ಬಹಳ ವ್ಯತ್ಯಾಸವಿದೆ. ಮುಂಚೆ ಹೇಳಿದರೆ ಅದು ನಿಯಮ. ಆಮೇಲೆ ಹೇಳಿದರೆ ಮುನಿಸು ಎನಿಸುತ್ತದೆ.

ಸೋಮವಾರ ಅವರು ಬರುತ್ತಾರೆ. ಹೊಸ ಕಂಪನಿ 36 ಮಾಡಿದೆ.

ಇದರಲ್ಲಿ ನಂಬಿಕೆದ್ರೋಹವೇನೂ ಇಲ್ಲ ಎಂಬುದನ್ನು ಮ್ಯಾನೇಜರ್ ಮೊದಲು ತನಗೆ ತಾನೇ ಹೇಳಿಕೊಳ್ಳಬೇಕು. ಹಳೇ ಕಂಪನಿಯ ಪತ್ರವನ್ನು ಹೊಸಬರಿಗೆ ತೋರಿಸಿ ಏರಿಸಿಕೊಳ್ಳುವುದು ನೌಕರರ ಹಕ್ಕಿನೊಳಗೇ ಬರುತ್ತದೆ. ಹೊಸ ಕಂಪನಿಯ ಪರಿಚಿತರಿಗೆ ಫೋನ್ ಮಾಡಿ 'ನಿಜವಾಗಿ ಅಷ್ಟು ಕೊಡ್ತಿದ್ದೀರಾ' ಎಂದು ಕೇಳುವ ಅಭ್ಯಾಸ ಬೆಂಗಳೂರಿನಲ್ಲಿ ಕಡಿಮೆಯೇನಿಲ್ಲ. ಲ್ಯೂಕಾಸ್‌ಫಿಲ್ಮ್ ಮತ್ತು ಪಿಕ್ಸಾರ್ ಕೋರ್ಟ್ ಮೆಟ್ಟಿಲು ಹತ್ತಿದ್ದು ನೌಕರರ ವಿಷಯದಲ್ಲಿ ತಮ್ಮತಮ್ಮಲ್ಲೇ ಮಾತಾಡಿಕೊಂಡದ್ದರಿಂದಲೇ. ಆ ಕೆಲಸ ಬೇಡವೇ ಬೇಡ.

ಬದಲಿಗೆ ಆಫರ್ ಪತ್ರವನ್ನು ಇಬ್ಬರೂ ಕೂತು ಬಿಡಿಸಿ ಓದಬಹುದು, ಅದೂ ಇಂಜಿನಿಯರ್ ಒಪ್ಪಿದರೆ ಮಾತ್ರ. ಮೊದಲ ಆಫರಿನ 32 ಲಕ್ಷದಲ್ಲಿ ನಿಗದಿತ 27, ಕೆಲಸದ ಮೇಲೆ ಕೊಡುವ ವೇರಿಯಬಲ್ 3, ಜಾಯಿನಿಂಗ್ ಬೋನಸ್ 2 ಇತ್ತು. ಈಗಿನ 36ರಲ್ಲಿ ನಿಗದಿತ 29, ವೇರಿಯಬಲ್ 3, ಜಾಯಿನಿಂಗ್ ಬೋನಸ್ 4. ಏರಿದ 4 ಲಕ್ಷದಲ್ಲಿ ಅರ್ಧದಷ್ಟು ಒಂದೇ ಸಾರಿ ಬರುವ ಹಣ, ಅದನ್ನೂ ಒಂದು ವರ್ಷದೊಳಗೆ ಬಿಟ್ಟರೆ ವಾಪಸ್ ಕೊಡಬೇಕೆಂಬ ಷರತ್ತು ಕೆಳಗೆ ಸಣ್ಣ ಅಕ್ಷರದಲ್ಲಿರುತ್ತದೆ. ಇನ್ನರ್ಧ, ಅಂದರೆ ವರ್ಷಕ್ಕೆ 2 ಲಕ್ಷ, ತಿಂಗಳಿಗೆ ಸುಮಾರು 16,670 ರೂಪಾಯಿ. ಹೊಸ ತೆರಿಗೆ ಪದ್ಧತಿಯಲ್ಲಿ 24 ಲಕ್ಷದ ಮೇಲಿನ ಆದಾಯಕ್ಕೆ 30% ತೆರಿಗೆ, ಅದರ ಮೇಲೆ 4% ಸೆಸ್. ಕಳೆದರೆ ಕೈಗೆ ಬರುವುದು ತಿಂಗಳಿಗೆ ಹನ್ನೊಂದೂವರೆ ಸಾವಿರದಷ್ಟು. 29 ಮತ್ತು 36ರ ನಡುವೆ ಏಳು ಲಕ್ಷದ ಅಂತರ ಕಂಡದ್ದು, ಎರಡನೇ ವರ್ಷದಿಂದ 29 ಮತ್ತು 32ರ ಅಂತರಕ್ಕೆ ಇಳಿಯುತ್ತದೆ. ಅದರಲ್ಲೂ ಒಂದು ಲಕ್ಷ ವೇರಿಯಬಲ್, ಬಂದರೆ ಬಂತು.

ಇನ್ನೊಂದು ಕಡೆ ಗ್ರಾಚ್ಯುಟಿ. ಐದು ವರ್ಷ ತುಂಬಿದರೆ ಕೊನೆಯ ಮೂಲ ವೇತನದ ಮೇಲೆ ವರ್ಷಕ್ಕೆ 15 ದಿನದಂತೆ ಸಿಗುತ್ತದೆ. ತಿಂಗಳಿಗೆ 26 ದಿನ ಎಂದು ಲೆಕ್ಕ. ನಮ್ಮ ಇಂಜಿನಿಯರ್‌ಗೆ ಇನ್ನು ಹತ್ತು ತಿಂಗಳು ಬಾಕಿ. ಏರಿಸಿದ 27 ಲಕ್ಷದಲ್ಲಿ ಅರ್ಧ ಮೂಲ ವೇತನ ಎಂದು ಹಿಡಿದರೆ ತಿಂಗಳಿಗೆ 1,12,500. ಅದನ್ನು 26ರಿಂದ ಭಾಗಿಸಿ, 15ರಿಂದಲೂ 5ರಿಂದಲೂ ಗುಣಿಸಿದರೆ 3 ಲಕ್ಷ 24 ಸಾವಿರ. ಈಗ ಹೊರಟರೆ ಅದು ಸಿಗುವುದಿಲ್ಲ. ಇದನ್ನು ಆಸೆ ತೋರಿಸುವಂತೆ ಹೇಳಬಾರದು, ಲೆಕ್ಕ ಪೂರ್ತಿಯಾಗಲಿ ಎಂದು ಹೇಳಬೇಕು. ಜೊತೆಗೇ ಹೊಸ ಕಂಪನಿಯ ಪರವಾಗಿ ಏನಿದೆಯೋ ಅದನ್ನೂ ಒಪ್ಪಿಕೊಳ್ಳಬೇಕು. ದೊಡ್ಡ ತಂಡ, ಮೇಲಿನ ಹುದ್ದೆ, ರಾತ್ರಿ ಕರೆ ಇಲ್ಲದ ಕೆಲಸ, ಯಾವುದಿದ್ದರೂ ಸರಿ. ಒಂದು ಬದಿಯ ಲೆಕ್ಕವನ್ನು ಮಾತ್ರ ಹೇಳಿದರೆ ಎದುರಿನವರಿಗೆ ತಕ್ಷಣ ಗೊತ್ತಾಗುತ್ತದೆ, ಆಮೇಲೆ ಹೇಳಿದ್ದನ್ನೂ ನಂಬುವುದಿಲ್ಲ.

ಇಷ್ಟಾದ ಮೇಲೆ ಸಂಬಳ ಏರಿಸುವ ಪ್ರಶ್ನೆ ಬರಬಾರದು. 36ಕ್ಕೆ 37 ಎಂದರೆ ಅವರು 39 ಎನ್ನುತ್ತಾರೆ. ಹೊಸ ಕಂಪನಿಗೆ ಇದು ಒಂದು ಖಾಲಿ ಜಾಗದ ಖರ್ಚು. ಹಳೇ ಕಂಪನಿಗೆ ಇಡೀ ದರ್ಜೆಯ ಸಂಬಳದ ಪ್ರಶ್ನೆ. ಇಬ್ಬರ ತಕ್ಕಡಿಯೂ ಒಂದಲ್ಲ, ಹಾಗಾಗಿ ಕೂಗಿ ಗೆಲ್ಲುವ ಮಾತೇ ಇಲ್ಲ. ಗೆದ್ದರೂ ಉಳಿದವರ ಮನಸ್ಸಿನಲ್ಲಿ ಹೊಸ ಕಂಪನಿಯ 39 ಇದ್ದೇ ಇರುತ್ತದೆ, ಪಕ್ಕದ ಮೂವರ ಮನಸ್ಸಿನಲ್ಲಿ ಈ 37.

ಒಂದು ಸಂದರ್ಭದಲ್ಲಿ ಮಾತ್ರ ಈ ನಿಲುವು ಬದಲಾಗಬಹುದು. ಎರಡನೇ ಅಂಕಿ ನೋಡಿದ ಮೇಲೆ, ತಮ್ಮ 27ರ ಅಂದಾಜೇ ತಪ್ಪಿತ್ತು ಎಂದು ಗೊತ್ತಾದರೆ. ಅದನ್ನು ತಿಳಿಯುವುದು ಹೀಗೆ: ಆರು ತಿಂಗಳಲ್ಲಿ ಆ ದರ್ಜೆಗೆ ಕೊಟ್ಟ ಆಫರುಗಳಲ್ಲಿ ಎಷ್ಟು ಜನ ಸಂಬಳ ಸಾಲದೆಂದು ಬರಲಿಲ್ಲ ಎಂದು ಎಚ್‌ಆರ್ ಪಟ್ಟಿ ತೆಗೆದು ನೋಡಬೇಕು. ಬಹುಪಾಲು ಜನ 28, 29 ಎಂದು ಬೇರೆಡೆ ಹೋಗಿದ್ದರೆ ತಪ್ಪು ಕಂಪನಿಯದ್ದೇ. ಆಗ ಇಡೀ ದರ್ಜೆಯ ಸಂಬಳ ತಿದ್ದಬೇಕು. ಈ ಇಂಜಿನಿಯರ್‌ಗೆ ಅದು ತಡವಾಗಿರಬಹುದು. ಉಳಿದ ಮೂವರಿಗೆ ತಡವಾಗಿಲ್ಲ.

ಬಹಳ ಕಂಪನಿಗಳು ಇಲ್ಲಿಗೆ ಬಂದು ಬೇರೆ ಆಯುಧ ಹುಡುಕುತ್ತವೆ. ರಿಲೀವಿಂಗ್ ಲೆಟರ್ ಕೊಡುವುದಿಲ್ಲ ಎನ್ನುವುದು, ಹಳೇ ಬಾಂಡ್ ಹೊರತೆಗೆಯುವುದು, ನೀವು ಅಲ್ಲಿ ಸೇರುವಂತೆಯೇ ಇಲ್ಲ ಎಂದು ಹೆದರಿಸುವುದು. ಕಾನೂನು ಇದಕ್ಕೆ ಎಷ್ಟು ಜಾಗ ಕೊಡುತ್ತದೆ ಎಂದು ತಿಳಿದಿದ್ದರೆ ಒಳ್ಳೆಯದು. ಭಾರತೀಯ ಕರಾರು ಕಾಯ್ದೆ, 1872ರ 27ನೇ ಸೆಕ್ಷನ್ ಪ್ರಕಾರ ಒಬ್ಬರನ್ನು ಅವರ ವೃತ್ತಿ ಮಾಡದಂತೆ ತಡೆಯುವ ಕರಾರು ಅಷ್ಟರ ಮಟ್ಟಿಗೆ ಅನೂರ್ಜಿತ. ಹಾಗಾಗಿ ಕೆಲಸ ಬಿಟ್ಟ ಮೇಲೆ ಪ್ರತಿಸ್ಪರ್ಧಿಯನ್ನು ಸೇರಬಾರದೆಂಬ ಷರತ್ತು ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ಆದರೆ ಕೆಲಸದಲ್ಲಿರುವ ಅವಧಿಗೆ ಸಂಬಂಧಿಸಿದ ಷರತ್ತು ಬೇರೆ. ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿನ ಅಧಿಕಾರಿಯೊಬ್ಬರು, ಮೂರು ವರ್ಷ ತುಂಬುವ ಮೊದಲೇ 2009ರಲ್ಲಿ ರಾಜೀನಾಮೆ ಕೊಟ್ಟು ಇನ್ನೊಂದು ಬ್ಯಾಂಕಿಗೆ ಹೋಗುವಾಗ, ಬಾಂಡಿನಂತೆ 2 ಲಕ್ಷ ರೂಪಾಯಿ ಕಟ್ಟಬೇಕಾಯಿತು. ಪ್ರಕರಣ ಕರ್ನಾಟಕ ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟ್ ತಲುಪಿತು. ಆ ಷರತ್ತು ಸೆಕ್ಷನ್ 27ಕ್ಕೆ ವಿರುದ್ಧವಲ್ಲ, ಆ ಹುದ್ದೆಯ ಸಂಬಳಕ್ಕೆ 2 ಲಕ್ಷ ಅತಿಯಾದ ಮೊತ್ತವೂ ಅಲ್ಲ ಎಂದು 2025ರ ಮೇ ತಿಂಗಳಲ್ಲಿ ಕೋರ್ಟ್ ಹೇಳಿತು. ಗಮನಿಸಿ, ಅಲ್ಲೂ ಬ್ಯಾಂಕಿಗೆ ಸಿಕ್ಕಿದ್ದು ಹಣ. ಅಧಿಕಾರಿ ಹೋಗದಂತೆ ಯಾರೂ ತಡೆಯಲಿಲ್ಲ. ಮನಸ್ಸಿಲ್ಲದವರನ್ನು ಕೂರಿಸಿ ಕೆಲಸ ಮಾಡಿಸಲು ಕೋರ್ಟುಗಳು ಆದೇಶಿಸುವುದಿಲ್ಲ.

ಹಾಗಾದರೆ ಕಂಪನಿಯ ಕೈಯಲ್ಲಿ ಉಳಿದಿರುವುದು ಆ 90 ದಿನ. ಅದನ್ನು ಶಿಕ್ಷೆಯಂತೆ ಬಳಸದೆ ಕೆಲಸಕ್ಕೆ ಬಳಸಿಕೊಂಡರೆ ದೊಡ್ಡ ಲಾಭವಿದೆ. ಹೊಸ ಕಂಪನಿಗೆ ಇಂಜಿನಿಯರ್ ಬೇಗ ಬೇಕು, ಹೀಗಾಗಿ 45 ದಿನದ ನೋಟಿಸ್ ಹಣವನ್ನು ತಾನೇ ಕಟ್ಟಿಕೊಡುತ್ತೇನೆ ಎನ್ನಬಹುದು. ನೇಮಕಾತಿ ಪತ್ರದಲ್ಲಿ ಹಣ ಕಟ್ಟಿ ಹೋಗಲು ನೌಕರರಿಗೇ ಹಕ್ಕಿದೆಯೋ, ಅಥವಾ ಕಂಪನಿ ಒಪ್ಪಿದರೆ ಮಾತ್ರವೋ ಎಂಬುದನ್ನು ಓದಿಕೊಳ್ಳಬೇಕು. ಕಂಪನಿಯ ಒಪ್ಪಿಗೆ ಬೇಕೆಂದಿದ್ದರೆ ಚೌಕಾಸಿ ಮಾಡಬೇಕಾದ್ದು ಇಲ್ಲೇ: ದಿನ ಎಣಿಸುವುದು ಬೇಡ, ಕೆಲಸ ಎಣಿಸೋಣ. ರಾತ್ರಿಯ ತಾಳೆ ವ್ಯವಸ್ಥೆಯನ್ನು ಇಬ್ಬರಿಗೆ ಕಲಿಸಿ, ಆ ಇಬ್ಬರೂ ಎರಡು ವಾರ ಇವರ ಸಹಾಯವಿಲ್ಲದೆ ರಾತ್ರಿ ನಡೆಸಿದ ದಿನ ಬಿಡುಗಡೆ. ಅದು 60ನೇ ದಿನಕ್ಕೆ ಆದರೆ 60ನೇ ದಿನವೇ. ತಿಂಗಳ ಕೊನೆಗೆ ದೊಡ್ಡ ಬ್ಯಾಂಕೊಂದರ ಜೋಡಣೆ ಇದ್ದು, 90 ದಿನವೂ ಬೇಕೇ ಬೇಕು ಎನ್ನುವುದಾದರೆ, ಅಷ್ಟರವರೆಗೆ ಇದ್ದದ್ದಕ್ಕೆಂದು ಒಂದು ಮೊತ್ತ ಕೊಡುವುದು ಸರಿಯಾದ ಖರ್ಚು. ಅದು ಸಂಬಳದ ಏಣಿಯನ್ನು ಅಲುಗಾಡಿಸುವುದಿಲ್ಲ, ಪಕ್ಕದವರಿಗೆ ವಿವರಿಸಿ ಹೇಳಲೂ ಬರುತ್ತದೆ.

ಕೆಟಿ ಎಂದು ಕರೆಯುವ ಈ ಹಸ್ತಾಂತರ ಬಹಳ ಕಡೆ ಹೆಸರಿಗಷ್ಟೇ ನಡೆಯುತ್ತದೆ. ಹೊರಡುವವರು ನಾಲ್ಕು ದಿನ ಸ್ಲೈಡ್ ತೋರಿಸುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ, ಮೊದಲ ಫೈಲ್ ಕೈಕೊಟ್ಟ ರಾತ್ರಿ ಹಳಬರಿಗೇ ಫೋನ್ ಹೋಗುತ್ತದೆ. ನಿಜವಾಗಿ ಕಲಿತಿದ್ದಾರೋ ಇಲ್ಲವೋ ನೋಡಲು ಒಂದೇ ಪರೀಕ್ಷೆ: ಹಗಲಿನಲ್ಲಿ, ಪರೀಕ್ಷೆಗೆಂದೇ ಇರುವ ವ್ಯವಸ್ಥೆಯಲ್ಲಿ, ಬೇಕೆಂದೇ ಅರ್ಧ ಫೈಲ್ ಕಳಿಸಿ ನೋಡುವುದು. ಕಲಿಯುವವರು ಕೀಲಿಮಣೆಯ ಮುಂದೆ, ಹೊರಡುವವರು ಪಕ್ಕದ ಕುರ್ಚಿಯಲ್ಲಿ, ಬಾಯಿ ಮುಚ್ಚಿಕೊಂಡು. ಎಲ್ಲಿ ತಡವರಿಸುತ್ತಾರೋ ಅಲ್ಲಿ ಟಿಪ್ಪಣಿ ಬರೆದುಕೊಳ್ಳುವುದು. ಇಂಥ ಐದಾರು ಸುತ್ತು ಆದರೆ ಒಬ್ಬರ ತಲೆಯಲ್ಲಿದ್ದದ್ದು ಇನ್ನಿಬ್ಬರ ಕೈಗೆ ಬಂದಿರುತ್ತದೆ.

36 ಲಕ್ಷದ ಪತ್ರ ಕೈಯಲ್ಲಿದ್ದೂ ಇಂಜಿನಿಯರ್ ಉಳಿಯುತ್ತೇನೆ ಎನ್ನಲೂಬಹುದು. ರಾತ್ರಿ ಸರದಿ ಹಂಚಿಕೆಯಾಗುವುದೇ ಅವರಿಗೆ ಬೇಕಾಗಿದ್ದರೆ ಇದು ಅಪರೂಪವೇನಲ್ಲ. ಆಗ ಕಾಗದದ ಕೆಲಸ ಪೂರ್ತಿ ಮಾಡಬೇಕು. ರಾಜೀನಾಮೆ ಹಿಂತೆಗೆದುಕೊಂಡ ಮೇಲ್ ಅವರಿಂದ ಬರಬೇಕು, ಕಂಪನಿ ಅದನ್ನು ಒಪ್ಪಿದ ಉತ್ತರ ಹೋಗಬೇಕು, ಎಚ್‌ಆರ್ ತಂತ್ರಾಂಶದಲ್ಲಿ ಕೊನೆಯ ದಿನ ಎಂದು ತುಂಬಿದ ತಾರೀಖು ಅಳಿಸಬೇಕು. ಅದನ್ನು ಮರೆತು, ಉಳಿದವರ ಐಡಿ ಕಾರ್ಡು 90ನೇ ದಿನ ಗೇಟಿನಲ್ಲಿ ಕೆಲಸ ಮಾಡದೆ ಹೋದರೆ ಅದಕ್ಕಿಂತ ಮುಜುಗರ ಇನ್ನೊಂದಿಲ್ಲ. ಹೊಸ ಕಂಪನಿಗೂ ಅವರೇ ತಡಮಾಡದೆ ತಿಳಿಸುವಂತೆ ಹೇಳಬೇಕು. ಅಲ್ಲೂ ಯಾರೋ ಒಬ್ಬ ಮ್ಯಾನೇಜರ್ ಆ ಜಾಗ ತುಂಬಿತೆಂದು ಕಾಯುತ್ತಿರುತ್ತಾರೆ. ಸರದಿ ಹಂಚಿಕೆ ಎರಡು ತಿಂಗಳಲ್ಲಿ ಆಗುತ್ತದೆ ಎಂದು ಪತ್ರದಲ್ಲಿ ಬರೆದಿದ್ದರೆ, ಕ್ಯಾಲೆಂಡರಿನಲ್ಲಿ ಆ ದಿನ ಗುರುತಿಟ್ಟು ಮ್ಯಾನೇಜರ್ ತಾವೇ ಕೇಳಬೇಕು: ಕಳೆದ ತಿಂಗಳು ರಾತ್ರಿ ಎಷ್ಟು ಕರೆ ನಿಮಗೆ ಬಂತು? ಸಂಬಳ ಏರಿ, ಕರೆಗಳು ಹಾಗೇ ಉಳಿದಿದ್ದರೆ ಮುಂದಿನ ರಾಜೀನಾಮೆ ಮೇಲ್ ಆಗಲೇ ಸಿದ್ಧವಾಗುತ್ತಿದೆ ಎಂದರ್ಥ.

ಹೊರಟೇ ಬಿಟ್ಟರೆ, ಲೆಕ್ಕ ಚುಕ್ತಾ ಮತ್ತು ರಿಲೀವಿಂಗ್ ಲೆಟರ್ ತಡಮಾಡದೆ ಕೊಡಬೇಕು, ಮತ್ತೆ ಬಂದರೆ ತೆಗೆದುಕೊಳ್ಳಬಹುದು ಎಂದು ದಾಖಲೆಯಲ್ಲಿ ಬರೆದಿಡಬೇಕು. ಉಳಿದ ಮೂವರ ಸಂಬಳ ಪರಿಷ್ಕರಣೆಯ ಪತ್ರ ಅವರ ಕೈ ಸೇರಬೇಕಾದ್ದು ಏಪ್ರಿಲ್‌ನಲ್ಲಿ ಅಲ್ಲ, ಇವರ ಕೊನೆಯ ದಿನಕ್ಕೆ ಮುಂಚೆ. ಏಕೆಂದರೆ ಬೀಳ್ಕೊಡುಗೆಯ ಊಟದಲ್ಲಿ ಆ ಮೂವರು ಮೊದಲು ಕೇಳುವುದೇ ಹೊಸ ಕಂಪನಿ ಎಷ್ಟು ಕೊಡುತ್ತಿದೆ, ಅಲ್ಲಿ ಇನ್ನೂ ಜಾಗ ಖಾಲಿ ಇದೆಯೇ ಎಂದು.